ಹುಡುಗನ ಅಣ್ಣ ಮೈಕ್ ಹಿಡಿದಾಗ

ನಿಶ್ಚಿತಾರ್ಥದ ದಿನ ಸೋದರಮಾವನಿಗೆ ಮಾಡಬೇಕಾದ ಶಾಸ್ತ್ರ ಇರುತ್ತದೆ, ಪುರೋಹಿತರಿಗೆ ಓದಬೇಕಾದ ಲಗ್ನಪತ್ರಿಕೆ ಇರುತ್ತದೆ, ಮುತ್ತೈದೆಯರಿಗೆ ಉಡಿ ತುಂಬುವ ಕೆಲಸ ಇರುತ್ತದೆ. ಹುಡುಗನ ಅಣ್ಣನ ಪಾಲಿಗೆ ಹಳೆಯ ಪದ್ಧತಿ ಕೊಟ್ಟಿದ್ದು ಓಡಾಟ ಮಾತ್ರ. ಜಮಖಾನ ಹಾಸಬೇಕು, ನೀರು ಕೊಡಬೇಕು, ಬಡಿಸುವವರನ್ನು ಕೂಗಬೇಕು. ಮಾತೇನಿದ್ದರೂ ಎರಡೂ ಕಡೆಯ ಹಿರಿಯರದು. ಕಾರ್ಯ ಮನೆಯ ಪಡಸಾಲೆಯಿಂದ ಸಮುದಾಯ ಭವನಕ್ಕೆ ಬಂದು, ಅಲ್ಲೊಂದು ಮೈಕ್ ನಿಂತ ಮೇಲೆ, ‘ನೀನೇ ಎರಡು ಮಾತು ಆಡಪ್ಪ’ ಎಂದು ಅಪ್ಪ ಹಿರಿಮಗನ ಕಡೆ ನೋಡತೊಡಗಿದ್ದಾರೆ. ಹೊಸ ಬೀಗರ ಮುಂದೆ ಆತ ಬಾಯಿ ತೆರೆಯುವುದು ಅದೇ ಮೊದಲು.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹುಡುಗ, ಜಗಳೂರು ಕಡೆಯ ಹುಡುಗಿ ಎಂದಿಟ್ಟುಕೊಳ್ಳಿ. ಇಂದು ಎರಡೂ ದಾವಣಗೆರೆ ಜಿಲ್ಲೆ. 1997ರಲ್ಲಿ ಈ ಜಿಲ್ಲೆ ಆಗುವವರೆಗೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಇತ್ತ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ಅತ್ತ ಮಳೆ ನೋಡುತ್ತ ಬಿತ್ತುವ ಬಯಲು. ಮಾತಿನ ಧಾಟಿ ಬೇರೆ, ಶಾಸ್ತ್ರದ ಹಿಂದುಮುಂದು ಬೇರೆ. ಸೋದರಮಾವನ ಮಗಳನ್ನೇ ತರುವ ಹಳೇ ಬೀಗತನವಾದರೆ ಭಾಷಣದ ಗೊಡವೆಯೇ ಇಲ್ಲ, ಎಲ್ಲರೂ ಎಲ್ಲರನ್ನೂ ಬೈದುಕೊಂಡು ಬೆಳೆದವರೇ. ಗುರುತಿಲ್ಲದ ಮನೆಗಳು ಎದುರುಬದುರು ಕೂತಾಗಲೇ ಅಣ್ಣನ ಮಾತಿಗೆ ಕೆಲಸ ಬರುವುದು.

ಆತ ಮೊದಲು ತಿಳಿಯಬೇಕಾದ್ದು ತನ್ನ ಸ್ಥಾನ. ನಾಳೆ ಆ ಹುಡುಗಿಗೆ ಈತ ಭಾವ. ಗಂಡನ ತಮ್ಮ ಮೈದುನನಾದರೆ ಅತ್ತಿಗೆಯನ್ನು ರೇಗಿಸಬಹುದು, ಅದು ಆ ನಂಟಿಗೇ ಒಪ್ಪುವ ಸಲಿಗೆ. ಭಾವನದು ಮಾವನಿಗೆ ಹತ್ತಿರದ ಗೌರವದ ಜಾಗ. ಅವನೆದುರು ಸೊಸೆ ಸೆರಗು ಸರಿಮಾಡಿಕೊಳ್ಳುತ್ತಿದ್ದ ಮನೆಗಳು ನಮ್ಮಲ್ಲಿ ಬಹಳ. ಆದ್ದರಿಂದ ‘ಇನ್ಮೇಲೆ ನಮ್ಮ ತಮ್ಮನ ಕಥೆ ಮುಗೀತು’ ಎಂಬ ನಗೆಚಾಟಿಕೆ ಮೈದುನನ ಬಾಯಲ್ಲಿ ಚೆಂದ, ಇವನ ಬಾಯಲ್ಲಿ ಹಗುರ. ಹುಡುಗಿಯ ರೂಪ, ಬಣ್ಣ ಹೊಗಳುವುದಂತೂ ಬೇಡವೇ ಬೇಡ. ಅವಳ ಓದು, ಕೆಲಸದ ಬಗ್ಗೆ ಒಂದು ಮಾತು ಸಾಕು. ಉಳಿದದ್ದನ್ನು ಅವಳ ಹಿರಿಯರಿಗೆ ಹೇಳಬೇಕು.

ಎರಡನೆಯದು ಹೊತ್ತು. ಬೀಗರು ಬಂದು, ತಿಂಡಿ ಕಾಫಿ ಆಗಿ, ಎರಡೂ ಕಡೆಯವರು ಕೂತು, ತಾಂಬೂಲದ ತಟ್ಟೆ ಕೈ ಬದಲಾಗುವ ಮುಂಚಿನ ಒಂದು ತೆರಪು ಇರುತ್ತದೆ. ಅದೇ ಸರಿಯಾದ ಗಳಿಗೆ. ಲಗ್ನಪತ್ರಿಕೆ ಓದಿದ ಮೇಲೆ ಎದ್ದರೆ ಜನರ ಕಣ್ಣು ಊಟದ ಹಾಲಿನ ಬಾಗಿಲ ಮೇಲಿರುತ್ತದೆ. ಶಾಸ್ತ್ರದ ನಡುವೆ ಎದ್ದರೆ ಪುರೋಹಿತರು ಗಡಿಯಾರ ನೋಡುತ್ತಾರೆ. ಮೂರು ನಿಮಿಷ ಹೆಚ್ಚು ಹೊತ್ತೇ. ಕೈಬರಹದ ಒಂದು ಪುಟ ಅಷ್ಟರಲ್ಲಿ ಮುಗಿಯಬೇಕು.

ಮಾತು ಹೀಗಿರಬಹುದು:

‘ಜಗಳೂರಿಂದ ಹೊತ್ತು ಮೂಡೋ ಮುಂಚೆ ಹೊರಟು ಬಂದೀರಿ. ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿಗೆ ಮೈಕ್ ಅಂದ್ರೆ ಆಗಲ್ಲ. ಅವರು ಹೇಳಬೇಕಾದ್ದನ್ನ ಅವರ ಅಪ್ಪಣೆ ತಗೊಂಡು ನಾನು ಹೇಳ್ತಾ ಇದೀನಿ. ಹುಡುಗಿಯ ಅಜ್ಜಿಯವರು ಈ ವಯಸ್ಸಲ್ಲಿ ಇಷ್ಟು ದೂರ ಬಂದಾರೆ. ಅಮ್ಮ, ನಿಮಗೆ ಮೊದಲ ನಮಸ್ಕಾರ. ಸೋದರಮಾವನವರು, ತಂದೆತಾಯಿಗಳು, ದೊಡ್ಡಪ್ಪ ಚಿಕ್ಕಪ್ಪನವರು, ಊರಿನ ಹಿರೀಕರು, ಈ ಸಂಬಂಧ ಕೂಡಿಸಿದ ಮಧ್ಯಸ್ಥರು, ಎಲ್ಲರೂ ಬಂದೀರಿ, ಸಂತೋಷ. ಇಲ್ಲೀತನಕ ಫೋನಲ್ಲಿ ಮಾತಾಡಿದ್ದು ಮೂರು ನಾಲ್ಕು ಜನ. ಈ ಕಡೆ ಮೊದಲ ಸಾಲಲ್ಲಿರೋರು ನಮ್ಮ ದೊಡ್ಡಪ್ಪ, ಪಕ್ಕದಲ್ಲಿ ನಮ್ಮ ಸೋದರತ್ತೆ. ನಮ್ಮಲ್ಲಿ ಮೊದಲು ಉಡಿ ತುಂಬ್ತೀವಿ, ಆಮೇಲೆ ಉಂಗುರ. ನಿಮ್ಮಲ್ಲಿ ಬೇರೆ ಥರ ಇದ್ರೆ ಈಗಲೇ ಹೇಳ್ರಿ, ಹಂಗೇ ಮಾಡಣ. ನಮ್ಮ ಹುಡುಗಂದು ಮಾತು ಕಡಿಮೆ, ಸುಮ್ಮನಿದ್ದಾನೆ ಅಂದ್ರೆ ಸಿಟ್ಟು ಅಂತ ತಿಳೀಬೇಡಿ. ಮುಂದೆ ಏನಾದ್ರೂ ಹೆಚ್ಚುಕಡಿಮೆ ಕಂಡ್ರೆ ಅಪ್ಪಾಜಿಗಾಗಲಿ ನನಗಾಗಲಿ ನೇರ ಹೇಳ್ರಿ. ಈಗ ನಿಮ್ಮ ಕಡೆಯ ಹಿರಿಯರು ಯಾರಾದ್ರೂ ಎರಡು ಮಾತು ಆಡಬೇಕು.’

ಇದರಲ್ಲಿ ಮೆಚ್ಚಿಸುವ ಮಾತು ಕಡಿಮೆ, ಕೆಲಸದ ಮಾತು ಹೆಚ್ಚು. ಅಪ್ಪನ ಅಪ್ಪಣೆಯನ್ನು ಮೊದಲೇ ಹೇಳಿದ್ದರಿಂದ ‘ಯಜಮಾನ ಇವನೋ ಅವರೋ’ ಎಂಬ ಅನುಮಾನ ಎದುರಿನವರಲ್ಲಿ ಏಳುವುದಿಲ್ಲ. ಶಾಸ್ತ್ರದ ಕ್ರಮವನ್ನು ಬಾಯಿಬಿಟ್ಟು ಕೇಳಿದ್ದರಿಂದ ತಟ್ಟೆ ಹಿಡಿದ ಹೆಂಗಸರು ನಡುವಲ್ಲಿ ನಿಂತು ‘ನಮ್ಮಲ್ಲಿ ಹಂಗಲ್ಲ’ ಎಂದು ಪಿಸುಗುಡುವುದು ತಪ್ಪುತ್ತದೆ. ಸೋದರಮಾವನನ್ನು ಬಿಟ್ಟರೆ ಏನಾಗುತ್ತದೆಂದು ಮದುವೆಮನೆ ಕಂಡವರಿಗೆ ಹೇಳಬೇಕಿಲ್ಲ. ಆತ ಅಲ್ಲಿ ಏನೂ ಅನ್ನುವುದಿಲ್ಲ. ಊಟಕ್ಕೆ ಕರೆದಾಗ ‘ಆಮೇಲೆ ನೋಡಣ’ ಅನ್ನುತ್ತಾನೆ. ಹಾಗಾಗಿ ಹೆಣ್ಣಿನ ಕಡೆಯಿಂದ ಯಾರು ಯಾರು ಬರುತ್ತಾರೆ, ಯಾರು ಏನಾಗಬೇಕು ಎಂಬುದನ್ನು ಹಿಂದಿನ ದಿನವೇ ಮಧ್ಯಸ್ಥರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹುಡುಗಿಯ ತಂದೆ ತೀರಿಕೊಂಡಿದ್ದರೆ ಆ ಸಂಗತಿ ಗೊತ್ತಿಲ್ಲದೆ ಮೈಕ್ ಮುಟ್ಟಲೇಬಾರದು.

ಇಲ್ಲಿ ತೋಟದ ಸುದ್ದಿ ಇಲ್ಲ ಎಂಬುದನ್ನೂ ಗಮನಿಸಿ. ಸಾಸ್ವೆಹಳ್ಳಿ ಕಡೆಯವನಿಗೆ ಅಡಿಕೆಯ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ‘ನಿಮ್ಮ ಹುಡುಗಿ ನೀರಿನ ಊರಿಗೆ ಬರ್ತಾಳೆ’ ಎಂದು ಆತ ಪ್ರೀತಿಯಿಂದಲೇ ಅನ್ನಬಹುದು, ಜಗಳೂರಿನವರಿಗೆ ಅದು ಕೇಳಿಸುವುದೇ ಬೇರೆ ರೀತಿ.

ಇನ್ನೊಂದು ಮಾತು ಇನ್ನೂ ಅಪಾಯದ್ದು: ‘ನಮಗೇನೂ ಬೇಡ, ನಿಮ್ಮ ಮಗಳಿಗೆ ಏನು ಕೊಡ್ತೀರೋ ಅದು ನಿಮಗೆ ಬಿಟ್ಟದ್ದು.’ ದೊಡ್ಡ ಮನಸ್ಸಿನಿಂದ ಹೇಳಿದಂತೆ ತೋರುತ್ತದೆ, ಅಷ್ಟು ಜನರ ಮುಂದೆ ಹುಡುಗಿಯ ಅಪ್ಪನ ತಲೆಯ ಮೇಲೆ ಲೆಕ್ಕದ ಪುಸ್ತಕ ಇಟ್ಟಂತಾಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 4ನೇ ಕಲಮು ನೇರವಾಗಿ ಕೇಳುವುದನ್ನಷ್ಟೇ ಅಲ್ಲ, ಪರೋಕ್ಷವಾಗಿ ಕೇಳುವುದನ್ನೂ ಅಪರಾಧವೆನ್ನುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ. ಬೇಡವೆನ್ನುವುದು ನಿಜವೇ ಆಗಿದ್ದರೆ ಅದನ್ನು ಮಾತುಕತೆಯ ದಿನವೇ ಮನೆಯೊಳಗೆ ಮುಗಿಸಿರಬೇಕು. ಮೈಕಿಗೆ ಅದು ಬರುವ ವಿಷಯವಲ್ಲ.

ಭಾಷೆಯ ತೊಡಕೂ ಒಂದಿದೆ. ಮನೆಯಲ್ಲಿ ‘ಬರ್ರಿ, ಕೂರ್ರಿ’ ಅನ್ನುವವನು ಮೈಕ್ ಸಿಕ್ಕೊಡನೆ ‘ಈ ಶುಭ ಸಂದರ್ಭದಲ್ಲಿ ಆಗಮಿಸಿರುವ ಸಮಸ್ತ ಬಂಧುಗಳಿಗೆ ಹಾರ್ದಿಕ ಸುಸ್ವಾಗತ’ ಎಂದು ಶಾಲಾ ವಾರ್ಷಿಕೋತ್ಸವಕ್ಕೆ ಹೋಗಿಬಿಡುತ್ತಾನೆ. ನನಗಂತೂ ಅದು ಕೇಳಿದಾಗೆಲ್ಲ ಮುಂದಿನದು ಬಹುಮಾನ ವಿತರಣೆ ಅನ್ನಿಸುತ್ತದೆ. ಬೀಗರು ಆ ಮೂರು ನಿಮಿಷದಲ್ಲಿ ತೂಗುತ್ತಿರುವುದು ಈ ಮನೆಯವರು ಸಿಟ್ಟು ಬಂದಾಗ, ಕಷ್ಟ ಬಂದಾಗ ಹೇಗೆ ಮಾತಾಡಿಯಾರು ಎಂಬುದನ್ನು. ಅದು ಮನೆಮಾತಿನಲ್ಲಿ ಮಾತ್ರ ತಿಳಿಯುತ್ತದೆ. ವಚನ ಹೇಳಿ ಶುರು ಮಾಡುವ ಅಭ್ಯಾಸವಿದ್ದರೆ ಆಗಬಹುದು, ಕಾಗದ ನೋಡದೆ ಬರುವಂಥದ್ದು ಒಂದೇ ಒಂದು.

ಮಾತು ಕೊನೆಯಾಗಬೇಕಾದ್ದು ಎದುರಿನ ಹಿರಿಯರ ಕೈಗೆ ಮೈಕ್ ಕೊಡುವುದರಲ್ಲಿ. ಬಹಳ ಕಡೆ ಇದು ಬಿಟ್ಟುಹೋಗಿ, ಹೆಣ್ಣಿನ ಕಡೆಯವರು ಬರೀ ಕೇಳಿಸಿಕೊಂಡು ಎದ್ದುಹೋಗುತ್ತಾರೆ. ಉತ್ತರವಾಗಿ ಅವರ ಸೋದರಮಾವ ‘ನಮ್ಮ ಹುಡುಗಿ ಸ್ವಲ್ಪ ಹಟಮಾರಿ’ ಎಂದೇನಾದರೂ ಅಂದು ಎರಡೂ ಕಡೆ ನಗು ಬಂದರೆ, ಶಾಸ್ತ್ರಕ್ಕೆ ಮುಂಚೆಯೇ ಅರ್ಧ ಸಂಕೋಚ ಇಳಿದಿರುತ್ತದೆ. ಆಮೇಲೆ ಉಡಿ, ಉಂಗುರ, ಲಗ್ನಪತ್ರಿಕೆ, ಊಟ. ಮೊದಲ ಪಂಕ್ತಿ ಬೀಗರದು. ಅಷ್ಟು ಚೆಂದ ಮಾತಾಡಿದ ಅಣ್ಣ ಅದೇ ಪಂಕ್ತಿಯಲ್ಲಿ ತಾನೂ ಎಲೆಯ ಮುಂದೆ ಕೂತುಬಿಟ್ಟರೆ, ವಾಪಸು ಹೋಗುವ ಬಸ್ಸಿನಲ್ಲಿ ನೆನಪಾಗುವುದು ಆ ಎಲೆಯೇ ಹೊರತು ಭಾಷಣವಲ್ಲ.