ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿ ನೋಡೋಣ!

ಒಂದು ಸವಾಲು. 2025ರ ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿ. ಯಾವ ತಾರೀಖು ಬಂತು?

ಫೆಬ್ರವರಿ 31? ಅಂಥ ದಿನವೇ ಇಲ್ಲ! ಹಾಗಾದರೆ ಫೆಬ್ರವರಿ 28? ಅಥವಾ 30 ದಿನ ಕೂಡಿಸಿದರೆ ಬರುವ ಮಾರ್ಚ್ 2? ಯೋಚಿಸಿ, ಅವಸರ ಬೇಡ. ಇದು ದುಡ್ಡಿನ ಪ್ರಶ್ನೆ!

ಕಡೂರಿನ ತೆಂಗು ಬೆಳೆಗಾರರೊಬ್ಬರು ಆ ಜನವರಿ 31ರಂದೇ ಐದು ವರ್ಷದ ಟ್ರ್ಯಾಕ್ಟರ್ ಸಾಲ ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ತಿಂಗಳಿಗೊಂದು ಕಂತು, ಒಟ್ಟು 60 ಕಂತು. ಮೊದಲ ಕಂತಿನ ವಾಯಿದೆ ಯಾವತ್ತು? ಎಕ್ಸೆಲ್ ತೆರೆಯಿರಿ. A2 ಸೆಲ್‌ನಲ್ಲಿ ಸಾಲದ ತಾರೀಖು ಬರೆಯಿರಿ. ಕೆಳಗಿನ A3ರಲ್ಲಿ ಇಷ್ಟೇ:

```
=EDATE(A2,1)
```

ಎಂಟರ್ ಒತ್ತಿ. ಬಂದದ್ದೇನು? 45716!

ಗಾಬರಿಯಾಗಬೇಡಿ, ಅದೇ ಸರಿಯುತ್ತರ! ಎಕ್ಸೆಲ್ ಒಳಗೊಳಗೆ ತಾರೀಖನ್ನು ದಿನಗಳ ಲೆಕ್ಕವಾಗಿಯೇ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅದಕ್ಕೆ ಒಂದನೇ ದಿನ. ಆ ಸೆಲ್‌ನ ಫಾರ್ಮ್ಯಾಟ್ ಅನ್ನು Date ಎಂದು ಬದಲಿಸಿ. ನೋಡಿ, 28-02-2025!

ಇಲ್ಲದ ದಿನಕ್ಕೆ EDATE ಮಾರ್ಚ್‌ಗೆ ಹಾರಲಿಲ್ಲ. ಫೆಬ್ರವರಿಯ ಕೊನೆಯ ದಿನದಲ್ಲಿ ನಿಂತಿತು. 2024ರ ಜನವರಿ 31 ಕೊಟ್ಟು ನೋಡಿ, 29ಕ್ಕೆ ನಿಲ್ಲುತ್ತದೆ. ಅಧಿಕ ವರ್ಷ ಯಾವುದು ಅಂತ ನೀವು ಹೇಳಿಕೊಡಬೇಕಾಗಿಲ್ಲ!

ಈಗ ಹೇಳಿ, ಈ ನಿಯಮ ಯಾರದು? ಸಾಫ್ಟ್‌ವೇರ್ ಕಂಪನಿಯವರದೇ? ಎಷ್ಟು ಹಳೆಯದು? ಮೂವತ್ತು ವರ್ಷ? ನಲವತ್ತು?

ತರೀಕೆರೆಗೆ ಬನ್ನಿ. ಅಡಿಕೆ ವ್ಯಾಪಾರಿಯೊಬ್ಬರು ಮಾಲು ಎತ್ತಿಕೊಂಡು, 'ಇಂದಿನಿಂದ ಒಂದು ತಿಂಗಳಿಗೆ ಹಣ ಕೊಡುತ್ತೇನೆ' ಎಂದು ಪ್ರೋನೋಟು ಬರೆದುಕೊಟ್ಟರೆ ಅದಕ್ಕೆ ಅನ್ವಯವಾಗುವ ಕಾನೂನೊಂದಿದೆ. ಚೆಕ್ ಬೌನ್ಸ್ ಕೇಸುಗಳಲ್ಲಿ ನಾವೆಲ್ಲ ಹೆಸರು ಕೇಳಿರುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಅದರ 23ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತೇ? ಅವಧಿ ಮುಗಿಯುವ ತಿಂಗಳಲ್ಲಿ ಅದೇ ತಾರೀಖು ಇಲ್ಲದಿದ್ದರೆ, ಆ ತಿಂಗಳ ಕೊನೆಯ ದಿನಕ್ಕೇ ಅವಧಿ ಮುಗಿಯಿತು ಎಂದು ತಿಳಿಯಬೇಕು!

EDATE ಮಾಡಿದ್ದೂ ಅದನ್ನೇ ಅಲ್ಲವೇ! ಕಾನೂನಿನ ವರ್ಷ? 1881!

ಇನ್ನೂ ಇದೆ. ಆ ಸೆಕ್ಷನ್ನಿನಲ್ಲೇ ಲೆಕ್ಕ ಮಾಡಿ ತೋರಿಸಿದ್ದಾರೆ. 1878ರ ಜನವರಿ 29ರ ಪತ್ರ, ಒಂದು ತಿಂಗಳ ವಾಯಿದೆ. ತಿಂಗಳು ಮುಗಿಯುವುದು ಫೆಬ್ರವರಿ 28ಕ್ಕೆ. ಅದರ ಮೇಲೆ ಮೂರು ದಿನದ ರಿಯಾಯಿತಿ. ಇನ್ನೊಂದು ಪತ್ರ ಆಗಸ್ಟ್ 30ರದು, ಮತ್ತೊಂದು ಆಗಸ್ಟ್ 31ರದು, ಎರಡಕ್ಕೂ ಮೂರು ತಿಂಗಳು. ಎರಡೂ ಒಂದೇ ದಿನ ಪಾವತಿಗೆ ಬರುತ್ತವೆ, ಡಿಸೆಂಬರ್ 3! ಅಂದರೆ ನವೆಂಬರ್ 30, ಜೊತೆಗೆ ಆ ಮೂರು ದಿನ.

ಎಕ್ಸೆಲ್‌ನಲ್ಲಿ ಪರೀಕ್ಷಿಸಬೇಕೆ? 1878 ಎಂದು ಹಾಕಿದರೆ #VALUE! ಎಂದುಬಿಡುತ್ತದೆ. ಅದರ ಕಾಲ ಶುರುವಾಗುವುದೇ 1900ರಿಂದ! ನೂರು ವರ್ಷ ಮುಂದಕ್ಕೆ ತನ್ನಿ, 1978 ಹಾಕಿ. ಅದೂ ಅಧಿಕ ವರ್ಷವಲ್ಲ. ಮೂರು ಪತ್ರಗಳಿಗೂ EDATE ಕೊಡುವ ಉತ್ತರಕ್ಕೆ 3 ಕೂಡಿಸಿ. ಮೊದಲನೆಯದು ಮಾರ್ಚ್ 3, ಉಳಿದೆರಡು ಡಿಸೆಂಬರ್ 3. ಕಾನೂನಿನ ಲೆಕ್ಕವೇ ಚಾಚೂ ತಪ್ಪದೆ!

ಈಗ ಕಡೂರಿಗೆ ವಾಪಸ್. ಇನ್ನೂ 59 ಕಂತು ಬಾಕಿ ಇವೆ. A3ರ ಫಾರ್ಮುಲಾವನ್ನು ಕೆಳಗೆ ಎಳೆದರೆ ಆಯಿತಲ್ಲ? ಎಳೆಯಿರಿ. ಮಾರ್ಚ್ ಕಂತು ಯಾವತ್ತು? 31 ಅಂದಿರಾ?

ಅಲ್ಲ, 28! ಏಪ್ರಿಲ್ 28, ಮೇ 28, ಮುಂದಕ್ಕೂ ಬರೀ 28! ಫೆಬ್ರವರಿ ಮೂರು ದಿನ ನುಂಗಿತು, ವಾಪಸ್ ಕೊಡಲೇ ಇಲ್ಲ!

ಕಾರಣ ಸರಳ. ಪ್ರತಿ ಸೆಲ್ಲೂ ತನ್ನ ಮೇಲಿನ ಸೆಲ್ಲನ್ನೇ ನೋಡುತ್ತದೆ. ಫೆಬ್ರವರಿ 28ನ್ನು ನೋಡಿದ ಮಾರ್ಚ್‌ಗೆ, ಸಾಲ 31ರಂದು ಶುರುವಾದದ್ದು ಗೊತ್ತಾಗುವುದು ಹೇಗೆ? ಅದಕ್ಕೇ ಪ್ರತಿ ಕಂತನ್ನೂ ಸಾಲದ ಮೊದಲ ತಾರೀಖಿನಿಂದಲೇ ಎಣಿಸಬೇಕು:

```
=EDATE($A$2,ROW()-ROW($A$2))
```

ಡಾಲರ್ ಗುರುತು ಹಾಕಿದ್ದರಿಂದ A2 ಕದಲುವುದಿಲ್ಲ. ಬದಲಾಗುವುದು ತಿಂಗಳ ಸಂಖ್ಯೆ ಮಾತ್ರ. ಈಗ ಎಳೆಯಿರಿ. ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30, ಮೇ 31! ಕೆಳಗೆ 37ನೇ ಕಂತಿಗೆ ಇಳಿಯಿರಿ. 2028ರ ಫೆಬ್ರವರಿ 29! ಅಧಿಕ ವರ್ಷವನ್ನು ತಾನೇ ಹಿಡಿದುಬಿಟ್ಟಿದೆ!

ಇಷ್ಟಾದರೂ EDATE ಸೋಲುವ ಒಂದು ಜಾಗವಿದೆ. ಅಜ್ಜಂಪುರದ ಗೊಬ್ಬರದ ಅಂಗಡಿಯೊಂದು ಈರುಳ್ಳಿ ಬೆಳೆಗಾರರಿಗೆ 'ಪ್ರತಿ ತಿಂಗಳ ಕೊನೆಯ ದಿನ' ಎಂದು ವಾಯಿದೆ ಕೊಟ್ಟಿದೆ ಅಂತಿಟ್ಟುಕೊಳ್ಳಿ. ಲೆಕ್ಕ ಶುರುವಾದದ್ದು 2025ರ ಫೆಬ್ರವರಿ 28ಕ್ಕೆ. ಡಾಲರ್ ಗುರುತೆಲ್ಲ ಸರಿಯಾಗಿಯೇ ಹಾಕಿ EDATE ಬಳಸಿದಿರಿ. ಮಾರ್ಚ್‌ಗೆ ಏನು ಬರುತ್ತದೆ?

ಮತ್ತೆ 28! ಅದಕ್ಕೆ ಕಾಣುವುದು 28 ಎಂಬ ಅಂಕಿ ಮಾತ್ರ. ಅದು ತಿಂಗಳ ಕೊನೆಯ ದಿನ ಎಂಬುದು ಅದರ ತಲೆಗೆ ಹೋಗುವುದಿಲ್ಲ. ಇಲ್ಲಿ ಬೇಕಾದದ್ದು ಬೇರೆಯದೇ:

```
=EOMONTH($A$2,1)
```

ಮಾರ್ಚ್ 31! ಇನ್ನೂ ಸೊಗಸು ಕೇಳಿ. A2ರಲ್ಲಿ ಫೆಬ್ರವರಿ 10ರ ಬಿಲ್ ಇದ್ದರೂ ಉತ್ತರ ಅದೇ ಮಾರ್ಚ್ 31. 1ರ ಜಾಗದಲ್ಲಿ 0 ಹಾಕಿ, ಅದೇ ಫೆಬ್ರವರಿಯ ಕೊನೆಯ ದಿನ ಸಿಗುತ್ತದೆ. ಸಾಧಾರಣ ವರ್ಷಕ್ಕೆ 28, ಅಧಿಕ ವರ್ಷಕ್ಕೆ 29!

ಕೊನೆಯ ಸವಾಲು. ಕರಾರಿನಲ್ಲಿ 'ಮೂರು ತಿಂಗಳು' ಎಂದಿಲ್ಲ, '90 ದಿನ' ಎಂದಿದೆ. ಎರಡೂ ಒಂದೇ ತಾನೇ? ರಿಸರ್ವ್ ಬ್ಯಾಂಕನ್ನು ಕೇಳಿ! 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಅದು ಒಂದು ಉದಾಹರಣೆ ಕೊಟ್ಟಿದೆ. ವಾಯಿದೆ 2021ರ ಮಾರ್ಚ್ 31, ಕಂತು ಕಟ್ಟಿಲ್ಲ, ಬಾಕಿ ಹಾಗೇ ಮುಂದುವರಿದಿದೆ. ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುವುದು ಯಾವತ್ತು? ಜೂನ್ 29! EDATE ಹಾಕಿದ್ದರೆ ಜೂನ್ 30 ಬರುತ್ತಿತ್ತು. ಒಂದೇ ಒಂದು ದಿನ! ಆದರೆ ಆ ಒಂದು ದಿನ ನಂಬಿ ಕಾದವರ ಸಾಲದ ಹಣೆಬರಹವೇ ಬದಲಾಗಿರುತ್ತದೆ. ದಿನದ ಲೆಕ್ಕಕ್ಕೆ ಸುಮ್ಮನೆ A2+90 ಎಂದು ಕೂಡಿಸಿದರೆ ಸಾಕು.

ಹಾಗಾಗಿ ಫಾರ್ಮುಲಾ ಹಾಕುವ ಮೊದಲು ಸಾಲಪತ್ರ ಓದಿ. 'ಅದೇ ತಾರೀಖು' ಎಂದಿದ್ದರೆ EDATE, ಮೊದಲ ತಾರೀಖಿನಿಂದ ಎಣಿಸಿ. 'ತಿಂಗಳ ಕೊನೆ' ಎಂದಿದ್ದರೆ EOMONTH. 'ಇಷ್ಟು ದಿನ' ಎಂದಿದ್ದರೆ ಬರೀ ಕೂಡಿಸುವುದು. ನಿಮ್ಮ ಕಂತಿನ ಪಟ್ಟಿಯನ್ನು ಇವತ್ತೇ ತೆರೆದು ಫೆಬ್ರವರಿಯ ಮುಂದಿನ ಸಾಲು ನೋಡಿ. 31ಕ್ಕೆ ಶುರುವಾದ ಸಾಲಕ್ಕೆ ಅಲ್ಲಿ ಮಾರ್ಚ್ 28 ಎಂದಿದ್ದರೆ, ಆ ಪಟ್ಟಿ ತಪ್ಪು!