ಊದುವ ಮೊದಲಿನ ಎರಡು ಸೆಕೆಂಡು

ಹುಟ್ಟುಹಬ್ಬದ ಕೇಕಿನ ಫೋಟೋ ಹಾಳಾಗುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಒಂದರಲ್ಲಿ ಮಗುವಿನ ಮುಖ ಸ್ಪಷ್ಟವಾಗಿರುತ್ತದೆ, ಹಿಂದೆ ನಿಂತ ಅಜ್ಜಿಯ ಸೀರೆಯ ಅಂಚೂ ಕಾಣುತ್ತದೆ, ಆದರೆ ಕೇಕಿನ ಮೇಲಿನ ಮೇಣದ ಬತ್ತಿ ಉರಿಯುತ್ತಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಅದು ಟ್ಯೂಬ್‌ಲೈಟಿನ ಅಥವಾ ಫ್ಲ್ಯಾಶಿನ ಕೆಲಸ. ಇನ್ನೊಂದರಲ್ಲಿ ಯಾರೋ ಮಾವ ಉತ್ಸಾಹದಿಂದ "ಲೈಟ್ ಆಫ್ ಮಾಡ್ರೋ" ಎಂದು ಕೂಗಿರುತ್ತಾರೆ. ಮನೆಯೆಲ್ಲ ಕತ್ತಲು, ನಡುವೆ ಬಿಳಿಯ ಉಂಡೆಗಳಂತೆ ಊದಿಕೊಂಡ ಐದು ಜ್ವಾಲೆ, ಅದರ ಹಿಂದೆ ಮಗುವಿನದೇ ಇರಬೇಕು ಎನ್ನಿಸುವ ಮಸುಕು ಮುಖ.

ಎರಡಕ್ಕೂ ಕಾರಣ ಒಂದೇ. ಮೇಣದ ಬತ್ತಿಯ ಜ್ವಾಲೆಗೂ ಅದೇ ಜ್ವಾಲೆಯಿಂದ ಬೆಳಗುವ ಮುಖಕ್ಕೂ ಹೊಳಪಿನಲ್ಲಿ ಸಾವಿರಾರು ಪಟ್ಟು ಅಂತರವಿದೆ. ನಮ್ಮ ಕಣ್ಣು ಒಮ್ಮೆ ಜ್ವಾಲೆಯ ಮೇಲೆ, ಒಮ್ಮೆ ಮುಖದ ಮೇಲೆ ಓಡಾಡುತ್ತ ಎರಡನ್ನೂ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಏಟಿಗೆ ಎರಡನ್ನೂ ಹಿಡಿಯಬೇಕು, ಅದಕ್ಕೆ ಅಷ್ಟು ವಿಸ್ತಾರವಿಲ್ಲ. ಮುಖಕ್ಕೆ ತಕ್ಕಂತೆ ಬೆಳಕು ಬಿಟ್ಟುಕೊಂಡರೆ ಜ್ವಾಲೆ ಬೆಳ್ಳಗೆ ಒಡೆದುಹೋಗುತ್ತದೆ, ಜ್ವಾಲೆಗೆ ತಕ್ಕಂತೆ ಬಿಗಿ ಹಿಡಿದರೆ ಮುಖ ಮಸಿಯಾಗುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಮಗು ಎಷ್ಟು ಹತ್ತಿರ ಬಂದರೂ ದೂರ ಹೋದರೂ ಫೋಟೋದಲ್ಲಿ ಜ್ವಾಲೆಯ ಹೊಳಪು ಬದಲಾಗುವುದಿಲ್ಲ. ಬದಲಾಗುವುದು ಮುಖದ ಹೊಳಪು ಮಾತ್ರ, ಅದೂ ಭರದಿಂದ. ದೂರ ಅರ್ಧವಾದರೆ ಮುಖದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಎರಡು ಅಡಿ ದೂರದಲ್ಲಿ ನಿಂತ ಮಗು ಒಂದು ಅಡಿಗೆ ಬಗ್ಗಿತೆಂದರೆ, ಜ್ವಾಲೆ ಇದ್ದಂತೆಯೇ ಇದ್ದು ಮುಖ ಮಾತ್ರ ನಾಲ್ಕು ಪಟ್ಟು ಬೆಳಗುತ್ತದೆ. ಬತ್ತಿಗಳ ಸಂಖ್ಯೆಯ ವಿಷಯದಲ್ಲೂ ಹೀಗೆಯೇ. ಐದು ಬತ್ತಿ ಹಚ್ಚಿದರೆ ಪ್ರತಿಯೊಂದು ಜ್ವಾಲೆಯ ಹೊಳಪು ಒಂದೇ ಬತ್ತಿಯಿದ್ದಾಗ ಇದ್ದಷ್ಟೇ, ಆದರೆ ಮುಖಕ್ಕೆ ಸಿಗುವ ಬೆಳಕು ಸುಮಾರು ಐದು ಪಟ್ಟು. ಹಾಗಾಗಿ ಫೋನಿನ ಗುಂಡಿಗಳನ್ನು ಒತ್ತುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಕೇಕಿನ ಮೇಲೆಯೇ ಇದೆ.

ಈಗ ಬೇಕರಿಗಳಲ್ಲಿ ಸಿಗುವ ಅಂಕಿಯ ಬತ್ತಿ ನೋಡಲು ಚೆಂದ. ಆದರೆ ಅದರಲ್ಲಿ ಇರುವುದು ಒಂದೇ ಎಳೆ, ಒಂದೇ ಜ್ವಾಲೆ. ಆ ಬೆಳಕಿನಲ್ಲಿ ಮುಖ ಮೂಡಿಬರುವುದು ಕಷ್ಟ. ಅಂಕಿ ಬೇಕೇ ಬೇಕೆಂದಿದ್ದರೆ ಇರಲಿ, ಅದರ ಜೊತೆಗೆ ನಾಲ್ಕೈದು ತೆಳು ಬತ್ತಿಗಳನ್ನೂ ಚುಚ್ಚಿ. ಅವನ್ನು ಕೇಕಿನ ನಟ್ಟನಡುವೆ ಅಲ್ಲ, ಮಗುವಿನ ಕಡೆಗೆ ಸ್ವಲ್ಪ ಸರಿಸಿ, ಬಿಲ್ಲಿನ ಹಾಗೆ ಬಾಗಿಸಿ ನಿಲ್ಲಿಸಿದರೆ ದೂರ ಎರಡು ಮೂರು ಇಂಚು ಕಡಿಮೆಯಾಗುತ್ತದೆ. ಒಂದಡಿಯ ಲೆಕ್ಕದಲ್ಲಿ ಇದು ಸಣ್ಣ ಲಾಭವಲ್ಲ. ಬಿಳಿ ಕ್ರೀಮಿನ ಕೇಕು, ಅದರ ಕೆಳಗೊಂದು ಬಿಳಿ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಕೆಳಗೆ ಬಿದ್ದ ಬೆಳಕು ಅಲ್ಲಿಂದ ಪುಟಿದು ಮುಖಕ್ಕೆ ಬರುತ್ತದೆ. ಕಪ್ಪು ಚಾಕೊಲೇಟ್ ಕೇಕು ಅದನ್ನು ನುಂಗಿಬಿಡುತ್ತದೆ. ಕೇಕಿನ ರುಚಿಯನ್ನು ಫೋಟೋಗಾಗಿ ಬದಲಿಸಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಬಟ್ಟೆಯನ್ನಂತೂ ಹಾಸಬಹುದು.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡದವರು ಕಡಿಮೆ. ರವಿವರ್ಮನದೆಂದು ಅನೇಕರು ತಪ್ಪು ತಿಳಿಯುವ ಆ ಜಲವರ್ಣವನ್ನು 1940ರ ದಶಕದಲ್ಲಿ ಬರೆದವರು ಎಸ್. ಎಲ್. ಹಲ್ದಣಕರ್, ತಮ್ಮ ಮಗಳನ್ನೇ ಎದುರು ನಿಲ್ಲಿಸಿಕೊಂಡು. ಆಕೆ ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದಿದ್ದಾಳೆ. ಬೆರಳುಗಳ ನಡುವೆ ಕೆಂಪು ಬೆಳಕು ಸೋರುತ್ತದೆ, ಮುಖದ ಮೇಲೆ ಹೊಂಬಣ್ಣ ಹರಡಿದೆ. ಉರಿಯುವ ಜ್ವಾಲೆಯನ್ನು ನೋಡುವವನ ಕಣ್ಣಿನಿಂದ ಮರೆಮಾಡಿ ಬೆಳಕನ್ನಷ್ಟೇ ಮುಖಕ್ಕೆ ಕಳಿಸುವ ಉಪಾಯ ಅದು. ಹುಟ್ಟುಹಬ್ಬದಲ್ಲಿ ಜ್ವಾಲೆಯನ್ನು ಪೂರ್ತಿ ಮರೆಮಾಡಲಾಗದು, ಅದೂ ಕಾಣಬೇಕು. ಆದರೆ ಮುಖಕ್ಕೆ ಬರುವ ಬೆಳಕೆಲ್ಲ ಕಣ್ಣಿಗೆ ಕಾಣುವ ಜ್ವಾಲೆಯಿಂದಲೇ ಬರಬೇಕೆಂದೇನೂ ಇಲ್ಲ. ಚೌಕಟ್ಟಿನ ಹೊರಗಿನಿಂದ ಒಂದಿಷ್ಟು ಸಾಲ ತರಬಹುದು.

ಆ ಸಾಲ ಎಷ್ಟಿರಬೇಕು, ಎಲ್ಲಿಂದ ಬರಬೇಕು ಎಂಬುದರಲ್ಲೇ ಫೋಟೋದ ಅರ್ಧ ಭಾಗ್ಯ ಅಡಗಿದೆ. ಹಾಲಿನ ಟ್ಯೂಬ್‌ಲೈಟ್ ಹಾಗೆಯೇ ಉರಿಯುತ್ತಿದ್ದರೆ ಮೇಣದ ಬತ್ತಿಯ ಬೆಳಕು ಸೋಲುತ್ತದೆ. ಪೂರ್ತಿ ಆರಿಸಿದರೆ ಮುಖದ ಒಂದು ಪಕ್ಕ, ಕೂದಲು, ಹಿಂದೆ ನಿಂತ ಅಪ್ಪ ಅಮ್ಮ ಎಲ್ಲರೂ ಕತ್ತಲಲ್ಲಿ ಕರಗುತ್ತಾರೆ. ಹಾಲಿನ ಬೆಳಕು ಆರಿಸಿ, ಅಡುಗೆಮನೆಯ ಬೆಳಕು ಇರಿಸಿ, ಬಾಗಿಲನ್ನು ಅರ್ಧ ತೆರೆದಿಡುವುದು ನಡುವಿನ ದಾರಿ. ಅದಕ್ಕಿಂತಲೂ ಒಳ್ಳೆಯದು ಹಳದಿ ಬೆಳಕಿನ ಎಲ್‌ಇಡಿ ಬಲ್ಬಿನ ಒಂದು ಮೇಜಿನ ದೀಪ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುವ ಬಲ್ಬು ಅದು. ಫೋಟೋ ತೆಗೆಯುವವರ ಹಿಂದೆ ಅಥವಾ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ಅದನ್ನಿಡಿ. ಗೋಡೆಗೆ ಬಡಿದು ಮೆತ್ತಗಾದ ಬೆಳಕು ಮುಖದ ಕಪ್ಪನ್ನು ಸ್ವಲ್ಪ ಎತ್ತುತ್ತದೆ. ಬೆಳ್ಳನೆಯ ಬಲ್ಬಿಟ್ಟರೆ ಬಣ್ಣಗಳು ಜಗಳವಾಡುತ್ತವೆ. ಮೇಣದ ಬತ್ತಿಯ ಬಣ್ಣ ಸುಮಾರು 1900 ಕೆಲ್ವಿನ್, ಬೆಳ್ಳನೆಯ ಟ್ಯೂಬ್‌ಲೈಟಿನದು 6500. ಒಂದು ಕೆನ್ನೆ ಕಿತ್ತಳೆ, ಇನ್ನೊಂದು ಕೆನ್ನೆ ನೀಲಿ ಬರುವುದು ಹೀಗೆ. ಹಚ್ಚಿದ ಬತ್ತಿಯ ಕಡೆಯ ಕೆನ್ನೆಯೇ ಮುಖದಲ್ಲಿ ಹೆಚ್ಚು ಹೊಳೆಯುತ್ತಿದ್ದರೆ ಸಾಲ ಹದವಾಗಿದೆ ಎಂದರ್ಥ. ಎರಡೂ ಒಂದೇ ಆಗಿದ್ದರೆ ದೀಪವನ್ನು ಇನ್ನಷ್ಟು ದೂರ ಒಯ್ಯಿರಿ.

ಎತ್ತರದ ಮಾತೂ ಇದೆ. ನಮ್ಮ ಮನೆಗಳಲ್ಲಿ ಕೇಕು ಕೂರುವುದು ತಗ್ಗಿನ ಟೀಪಾಯಿಯ ಮೇಲೆ, ಮಗು ನಿಂತಿರುವುದು ಅದರ ಹಿಂದೆ. ಬೆಳಕು ಕೆಳಗಿನಿಂದ ಬಂದು ಮೂಗಿನ ನೆರಳು ಮೇಲಕ್ಕೆ ಹೋಗುತ್ತದೆ, ಕಣ್ಣುಗುಳಿ ತಲೆಕೆಳಗಾಗುತ್ತದೆ. ದೆವ್ವದ ಸಿನಿಮಾದವರು ಬೇಕೆಂದೇ ಮಾಡುವ ಕೆಲಸ ಇದು. ಕೇಕಿನ ಕೆಳಗೆ ಒಂದು ಗಟ್ಟಿ ಡಬ್ಬಿಯನ್ನೋ ಮಣೆಯನ್ನೋ ಇಟ್ಟು, ಜ್ವಾಲೆ ಮಗುವಿನ ಗಲ್ಲದ ಮಟ್ಟಕ್ಕೆ ಬರುವಂತೆ ಮಾಡಿದರೆ ಬೆಳಕು ಎದುರಿನಿಂದಲೇ ಬೀಳುತ್ತದೆ. ಆಗ ನೀವು ನೇರ ಎದುರಿಗೆ ನಿಂತರೆ ಜ್ವಾಲೆಗಳು ಬಾಯಿ ಮೂಗಿಗೆ ಅಡ್ಡ ಬರುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದು, ಮಗುವಿನ ಕಣ್ಣಿನ ಮಟ್ಟಕ್ಕೆ ಫೋನು ತನ್ನಿ.

ಇನ್ನು ಫೋನು. ಮೊದಲು ಲೆನ್ಸ್ ಒರೆಸಿ. ಮದುವೆ, ಹಬ್ಬಗಳಲ್ಲಿ ಕೈಯ ಜಿಡ್ಡು ತಾಗಿದ ಲೆನ್ಸು ಪ್ರತಿ ಜ್ವಾಲೆಗೂ ಉದ್ದನೆಯ ಬಾಲ ಅಂಟಿಸುತ್ತದೆ. ಫ್ಲ್ಯಾಶ್ ಮುಚ್ಚಿ. ರಾತ್ರಿಯ ಮೋಡ್ ಕೂಡ ಮುಚ್ಚಿ. ಅದು ಒಂದೆರಡು ಸೆಕೆಂಡು ಬೆಳಕು ಕೂಡಿಸಿಕೊಳ್ಳುತ್ತದೆ, ಅಷ್ಟರಲ್ಲಿ ಮಗು ಮೂರು ಸಲ ತಲೆ ತಿರುಗಿಸಿರುತ್ತದೆ. ಐಫೋನಿನಲ್ಲಿ ಮಗುವಿನ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ತೆರೆಯ ಮೇಲೆ AE/AF LOCK ಎಂದು ಬರುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲೂ ಹೀಗೆ ಒತ್ತಿ ಹಿಡಿದು ಬೀಗ ಹಾಕಬಹುದು. ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ನಿಧಾನವಾಗಿ ಕೆಳಗೆ ಎಳೆಯಿರಿ. ಎಲ್ಲಿಯವರೆಗೆ? ಜ್ವಾಲೆ ಉಂಡೆಯ ಆಕಾರ ಬಿಟ್ಟು ಹನಿಯ ಆಕಾರಕ್ಕೆ ಬರುವವರೆಗೆ, ಅದರ ಅಂಚಿನಲ್ಲಿ ಕಿತ್ತಳೆ ಬಣ್ಣ ಕಾಣಿಸುವವರೆಗೆ. ಜ್ವಾಲೆಯ ನಡುಭಾಗ ಬೆಳ್ಳಗೇ ಇರುತ್ತದೆ, ಅದನ್ನು ಉಳಿಸಲು ಹೋದರೆ ಮುಖ ಕೈ ತಪ್ಪುತ್ತದೆ. ಮುಖ ತುಸು ಮಬ್ಬಾಗಿ ಕಂಡರೆ ಚಿಂತೆಯಿಲ್ಲ. ಆಮೇಲೆ ತಿದ್ದುವಾಗ ಕಪ್ಪನ್ನು ಸ್ವಲ್ಪ ಎತ್ತಬಹುದು, ಒಡೆದುಹೋದ ಬಿಳುಪಿಗೆ ಬಣ್ಣ ಮರಳಿ ತರಲಾಗದು.

ಫೋನಿನಲ್ಲಿ Pro ಎಂಬ ಆಯ್ಕೆ ಇರುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಐದು ತೆಳು ಬತ್ತಿ, ಮುಖ ಒಂದಡಿ ದೂರ, ಹಿಂದಿನ ಗೋಡೆಯಿಂದ ಹಳದಿ ದೀಪದ ಒಂದಿಷ್ಟು ಸಾಲ, ಲೆನ್ಸು f/1.8. ಇಲ್ಲಿ ಶಟರ್ 1/100 ಸೆಕೆಂಡ್, ಐಎಸ್‌ಒ 1600 ಇಟ್ಟು ಶುರು ಮಾಡಿ, ಮುಖ ಮಬ್ಬೆನಿಸಿದರೆ ಐಎಸ್‌ಒ 2500ರವರೆಗೆ ಏರಿಸಿ. 1/100 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಜ್‌ನದು, ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100 ಅಥವಾ 1/50 ಇಟ್ಟರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟಿ ಬರುವುದು ತಪ್ಪುತ್ತದೆ. ಬಣ್ಣದ WB ಸಂಖ್ಯೆಯನ್ನು 3200ರ ಸುಮಾರಿಗೆ ನಿಲ್ಲಿಸಿ. ತಾನಾಗಿ ಬಿಟ್ಟರೆ ಕೆಲವು ಫೋನುಗಳು ಜಾಣತನ ತೋರಿಸಿ ಹೊಂಬಣ್ಣವನ್ನೆಲ್ಲ ತೊಳೆದುಹಾಕುತ್ತವೆ.

ಒಂದು ಕಾಟ ಇನ್ನೂ ಉಳಿಯುತ್ತದೆ. ಜ್ವಾಲೆಗಳು ಫೋಟೋದ ಕೆಳಭಾಗದಲ್ಲಿದ್ದರೆ ಮೇಲ್ಭಾಗದಲ್ಲಿ, ಕೆಲವೊಮ್ಮೆ ಮಗುವಿನ ಹಣೆಯ ಮೇಲೆಯೇ, ಹಸಿರು ಬಣ್ಣದ ಸಣ್ಣ ಜ್ವಾಲೆಗಳು ತೇಲುತ್ತವೆ. ಲೆನ್ಸಿನ ಒಳಗಿನ ಗಾಜುಗಳಲ್ಲಿ ಬೆಳಕು ಪುಟಿದಾಡಿ ಆಗುವ ಪ್ರತಿಬಿಂಬ ಅದು. ಚಿತ್ರದ ನಡುಬಿಂದುವಿಗೆ ಸರಿಯಾಗಿ ಎದುರು ಬದಿಯಲ್ಲಿ ಅದು ಬೀಳುವುದರಿಂದ, ಫೋನನ್ನು ತುಸು ಪಕ್ಕಕ್ಕೆ ತಿರುಗಿಸಿದರೆ ಮುಖದಿಂದ ಹೊರಗೆ ಜಾರುತ್ತದೆ. ತೆರೆಯ ಮೇಲೆ ಅದು ಮೊದಲೇ ಕಾಣುತ್ತದೆ, ನೋಡುವವರು ಬೇಕಷ್ಟೆ.

ಇಷ್ಟೆಲ್ಲ ಮಾಡಲು ಹಾಡಿನ ಸಮಯ ಸಾಕು. ಹ್ಯಾಪಿ ಬರ್ತ್‌ಡೇ ಹಾಡು ಮುಗಿಯುವುದರೊಳಗೆ ಬೀಗ ಹಾಕಿ, ಸೂರ್ಯನನ್ನು ಇಳಿಸಿ, ಸಿದ್ಧರಾಗಿರಿ. ನಿಜವಾದ ಚಿತ್ರ ಬರುವುದು ಹಾಡು ಮುಗಿದ ಮೇಲೆ. ಮಗು ಮುಂದಕ್ಕೆ ಬಗ್ಗಿ, ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿಕೊಳ್ಳುತ್ತದಲ್ಲ, ಆ ಎರಡು ಸೆಕೆಂಡು. ಮುಖ ಜ್ವಾಲೆಗೆ ಅತಿ ಹತ್ತಿರವಿರುವುದು ಆಗ, ಜ್ವಾಲೆಗಳೂ ಇನ್ನೂ ನೆಟ್ಟಗೆ ನಿಂತಿರುತ್ತವೆ. ಊದಲು ಶುರುವಾದ ಕೂಡಲೇ ಜ್ವಾಲೆ ನಿಮ್ಮ ಕಡೆಗೆ ಬಾಗಿ ನೀಲಿಯಾಗಿ ಕುಗ್ಗುತ್ತದೆ, ಮುಖದ ಬೆಳಕು ಅದರೊಂದಿಗೇ ಹೋಗುತ್ತದೆ. ಬಗ್ಗಿದ ತಕ್ಷಣದಿಂದಲೇ ಒಂದರ ಹಿಂದೊಂದು ಸಾಲಾಗಿ ಕ್ಲಿಕ್ಕಿಸಿ. "ಪುಟ್ಟಾ, ಅಮ್ಮ ಮೂರು ಎಣಿಸೋವರೆಗೂ ಊದಬೇಡ ಕಣೋ" ಎಂದು ಮೊದಲೇ ಹೇಳಿಸಿದ್ದರೆ ಆ ಎರಡು ಸೆಕೆಂಡು ನಾಲ್ಕಾಗುತ್ತದೆ. ಬಗ್ಗುವ ಮಗುವಿನ ಬಿಟ್ಟ ಕೂದಲನ್ನು ಹಿಂದಕ್ಕೆ ಕಟ್ಟಿ, ಕಾಗದದ ಟೊಪ್ಪಿ ತೆಗೆದು, ಬಲೆಬಟ್ಟೆಯ ಫ್ರಾಕಿನ ತೋಳನ್ನು ಒಬ್ಬ ದೊಡ್ಡವರು ಪಕ್ಕದಲ್ಲಿ ಹಿಡಿದುಕೊಂಡಿರಲಿ.

ಕೇಕಿನ ಮೇಲೆ ಕಿಡಿ ಚಿಮ್ಮುವ ಬತ್ತಿಗಳ ಬಗ್ಗೆ ನನ್ನ ತೀರ್ಪು ಸರಳ: ಅವು ವೀಡಿಯೊಗೆ ಇರಲಿ, ಫೋಟೋಗೆ ಬೇಡ. ಅದರ ಹೊಳಪಿನ ಮುಂದೆ ನೀವು ಹಾಕಿದ ಲೆಕ್ಕವೆಲ್ಲ ಕೆಡುತ್ತದೆ, ಹೊಗೆ ಮುಖಕ್ಕೆ ತೆರೆ ಎಳೆಯುತ್ತದೆ. ಅದು ಪೂರ್ತಿ ಆರಿದ ಮೇಲೆ ಸಾಮಾನ್ಯ ಬತ್ತಿ ಹಚ್ಚಿ ಫೋಟೋ ತೆಗೆಯಿರಿ. ಮತ್ತೆ, ಹುಡುಗರ ಕೈಯಲ್ಲಿರುವ ಸ್ನೋ ಸ್ಪ್ರೇ ಡಬ್ಬಿಗಳನ್ನು ಬತ್ತಿ ಹಚ್ಚುವ ಮೊದಲೇ ಇಸಿದುಕೊಂಡು ಬೇರೆ ಕೋಣೆಯಲ್ಲಿಡಿ. ಅವುಗಳಲ್ಲಿ ಬಹಳಷ್ಟರಲ್ಲಿ ನೊರೆಯನ್ನು ಹೊರದಬ್ಬುವುದು ಬೆಂಕಿ ಹತ್ತಿಕೊಳ್ಳುವ ಅನಿಲ. ಕೊನೆಯ ಬತ್ತಿ ಆರುವವರೆಗೂ ಆ ಡಬ್ಬಿ ಮಗುವಿನ ಹತ್ತಿರ ಸುಳಿಯಕೂಡದು.