ಜರ್ಮನಿಗೆ ಹೊರಟ ನರ್ಸ್ ಮತ್ತು ಅವಳ ಅಂಕಪಟ್ಟಿ

ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲವು ವರ್ಷ ಐಸಿಯುನಲ್ಲಿ ದುಡಿದು ಜರ್ಮನಿಗೆ ಅರ್ಜಿ ಹಾಕಿದವರಿಗೆ ಅಲ್ಲಿನ ಸರ್ಕಾರದಿಂದ ಬರುವ ಮೊದಲ ಮುಖ್ಯ ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ಮಾತಿರುತ್ತದೆ: ನಿಮ್ಮ ಶಿಕ್ಷಣ ನಮ್ಮ ಶಿಕ್ಷಣಕ್ಕೆ ಪೂರ್ತಿ ಸಮವಲ್ಲ. ಅದನ್ನು ಓದಿ ಅತ್ತವರಿದ್ದಾರೆ, ಅರ್ಜಿಯನ್ನೇ ಕೈಬಿಟ್ಟವರಿದ್ದಾರೆ. ಆದರೆ ಆ ಪತ್ರ ನಿರಾಕರಣೆಯಲ್ಲ. ಯಾವ ಭಾಗ ಹೊಂದುತ್ತದೆ, ಯಾವುದು ಹೊಂದುವುದಿಲ್ಲ, ಕೊರತೆಯನ್ನು ಹೇಗೆ ತುಂಬಿಕೊಳ್ಳಬಹುದು ಎಂಬ ವಿವರ ಅದರಲ್ಲೇ ಇರುತ್ತದೆ. ಅದು ಹೇಗೆ ತಯಾರಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಎಷ್ಟೋ ಕೊರತೆಗಳನ್ನು ಊರಲ್ಲಿರುವಾಗಲೇ ಕಡಿಮೆ ಮಾಡಿಕೊಳ್ಳಬಹುದು.

ಎಲ್ಲ ಉದ್ಯೋಗಕ್ಕೂ ಈ ತಾಪತ್ರಯವಿಲ್ಲ. ಸಾಫ್ಟ್‌ವೇರ್ ಎಂಜಿನಿಯರಿಗೆ ಜರ್ಮನಿಯಲ್ಲಿ ಪರವಾನಗಿ ಬೇಕಿಲ್ಲ. ತನ್ನ ವಿಶ್ವವಿದ್ಯಾಲಯ ಮತ್ತು ಪದವಿ 'ಅನಾಬಿನ್' ಎಂಬ ಸರ್ಕಾರಿ ದತ್ತಾಂಶ ಕೋಶದಲ್ಲಿ ಹೇಗೆ ನಮೂದಾಗಿವೆ ಎಂದು ನೋಡಿಕೊಂಡು, ಬೇಕಾದರೆ ಬಾನ್ ನಗರದಲ್ಲಿರುವ 'ಝಾಬ್' ಕಚೇರಿಯಿಂದ ಪದವಿಯ ಹೋಲಿಕೆ ಪತ್ರ ತರಿಸಿಕೊಂಡರೆ ಆಯಿತು. ನರ್ಸ್, ವೈದ್ಯ, ಔಷಧ ತಜ್ಞರ ವಿಷಯ ಬೇರೆ. ಅವರ ಕೈಯಲ್ಲಿ ಜನರ ಪ್ರಾಣವಿರುವುದರಿಂದ ಆ ವೃತ್ತಿಗಳನ್ನು ಕಾನೂನೇ ಕಾಯುತ್ತದೆ. ಮಾನ್ಯತೆ ಸಿಗದ ಹೊರತು ಆ ಹೆಸರಿನಲ್ಲಿ ಕೆಲಸ ಮಾಡುವಂತಿಲ್ಲ.

ಜರ್ಮನಿಯ ನರ್ಸಿಂಗ್ ಶಿಕ್ಷಣ ಈಗಿನ ರೂಪಕ್ಕೆ ಬಂದದ್ದು 2020ರ ಜನವರಿಯಲ್ಲಿ. ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಆಸ್ಪತ್ರೆ ಶುಶ್ರೂಷೆ, ಮಕ್ಕಳ ಶುಶ್ರೂಷೆ ಮತ್ತು ವೃದ್ಧರ ಆರೈಕೆಯನ್ನು ಹೊಸ ಕಾನೂನು ಒಂದೇ ಮೂರು ವರ್ಷದ ತರಬೇತಿಗೆ ತಂದಿತು. ಅದು ಒಟ್ಟು 4,600 ಗಂಟೆಗಳದ್ದು. ಅದರಲ್ಲಿ 2,100 ಗಂಟೆ ತರಗತಿಯ ಪಾಠ, ಉಳಿದ 2,500 ಗಂಟೆ ರೋಗಿಗಳ ನಡುವೆ ಪ್ರಾಯೋಗಿಕ ಕೆಲಸ. ಪ್ರಾಯೋಗಿಕದ ಒಳಹಂಚಿಕೆಯನ್ನು ಗಮನಿಸಬೇಕು. ಕಡ್ಡಾಯವಾಗಿ 400 ಗಂಟೆ ಆಸ್ಪತ್ರೆಯಲ್ಲಿ, 400 ಗಂಟೆ ದೀರ್ಘಕಾಲದ ಆರೈಕೆಯಲ್ಲಿ, ಅಂದರೆ ಹೆಚ್ಚಾಗಿ ವೃದ್ಧರ ವಸತಿಗಳಲ್ಲಿ, ಇನ್ನು 400 ಗಂಟೆ ರೋಗಿಗಳ ಮನೆಗೇ ಹೋಗಿ ಮಾಡುವ ಆರೈಕೆಯಲ್ಲಿ ಕಳೆಯಬೇಕು. ಮಕ್ಕಳ ಮತ್ತು ಮನೋರೋಗಿಗಳ ಶುಶ್ರೂಷೆಗೆ ಪ್ರತ್ಯೇಕ ಗಂಟೆಗಳಿವೆ.

ಇದರ ಪಕ್ಕದಲ್ಲಿ ನಮ್ಮ ಶಿಕ್ಷಣವನ್ನು ಇಟ್ಟು ನೋಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ಒಟ್ಟು ಗಂಟೆಗಳಿಗೆ ಬರವಿಲ್ಲ. ಆದರೆ ಅದರ ದೊಡ್ಡ ಪಾಲು ಸೂಲಗಿತ್ತಿ ವಿದ್ಯೆಗೆ, ಅಂದರೆ ಪ್ರಸೂತಿ ಶುಶ್ರೂಷೆಗೆ, ಮತ್ತು ಸಮುದಾಯ ಆರೋಗ್ಯಕ್ಕೆ ಹೋಗುತ್ತದೆ. ನಮ್ಮಲ್ಲಿ ಒಬ್ಬಳೇ ನರ್ಸ್ ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎರಡನ್ನೂ ಬರೆದುಕೊಳ್ಳುತ್ತಾಳೆ. ಜರ್ಮನಿಯಲ್ಲಿ ಹೆರಿಗೆ ಮಾಡಿಸುವುದು ಪೂರ್ತಿ ಬೇರೆಯೇ ವೃತ್ತಿ. ಅದಕ್ಕೆ ಬೇರೆ ಕಾನೂನು, ಬೇರೆ ಶಿಕ್ಷಣ. ಹಾಗಾಗಿ ಹೆರಿಗೆ ಕೋಣೆಯಲ್ಲಿ ನಿದ್ದೆಗೆಟ್ಟು ಕಳೆದ ನೂರಾರು ಗಂಟೆಗಳು ಹೋಲಿಕೆಯ ತಕ್ಕಡಿಯಲ್ಲಿ ಹೆಚ್ಚು ತೂಗುವುದಿಲ್ಲ. ವೃದ್ಧರ ಆರೈಕೆಯ ಪ್ರಾಯೋಗಿಕ ತರಬೇತಿ ನಮ್ಮಲ್ಲಿ ತೀರ ಕಡಿಮೆ, ಮನೆ ಆರೈಕೆಯದ್ದು ಇನ್ನೂ ಕಡಿಮೆ. ವಯಸ್ಸಾದವರನ್ನು ಮನೆಯವರೇ ನೋಡಿಕೊಳ್ಳುವ ನಾಡಿನಲ್ಲಿ ಪಠ್ಯಕ್ರಮ ರೂಪಿಸಿದವರಿಗೆ ಅದರ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಯಾರು ಹೆಚ್ಚು, ಯಾರು ಕಡಿಮೆ ಎಂಬ ಪ್ರಶ್ನೆ ಇಲ್ಲಿಲ್ಲ. ಎರಡು ಸಮಾಜಗಳು ತಮಗೆ ಬೇಕಾದಂಥ ನರ್ಸನ್ನು ತಯಾರು ಮಾಡಿಕೊಂಡಿವೆ, ಅಷ್ಟೆ.

ಈಗ ಹಾಸನ ಜಿಲ್ಲೆಯ ಒಬ್ಬ ನರ್ಸ್ ಅರ್ಜಿ ಹಾಕುತ್ತಿದ್ದಾಳೆ ಎಂದು ಇಟ್ಟುಕೊಳ್ಳೋಣ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಪದವಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಬೆಂಗಳೂರಿನಲ್ಲಿ ನಾಲ್ಕು ವರ್ಷದ ಅನುಭವ ಅವಳಿಗಿದೆ. ಜರ್ಮನಿಯಲ್ಲಿ ಹದಿನಾರು ರಾಜ್ಯಗಳಿವೆ, ನರ್ಸ್‌ಗಳ ಮಾನ್ಯತೆಯನ್ನು ನಿರ್ಧರಿಸುವುದು ಆಯಾ ರಾಜ್ಯದ ಕಚೇರಿ. ಎಲ್ಲಿ ಕೆಲಸ ಮಾಡುತ್ತಾಳೋ ಅಲ್ಲಿನ ಕಚೇರಿಗೇ ಅರ್ಜಿ ಹೋಗಬೇಕು. ಆದ್ದರಿಂದ ಮೊದಲು ಕೆಲಸ ಕೊಡುವ ಆಸ್ಪತ್ರೆ ಗೊತ್ತಾದರೆ ಒಳ್ಳೆಯದು.

ಅವಳ ಮೊದಲ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕವಿತಾ ಎಚ್.ಎಂ.', ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ 'ಕವಿತಾ ಹೊಸಹಳ್ಳಿ ಮಂಜುನಾಥ', ಮದುವೆಯ ನಂತರದ ಆಧಾರಿನಲ್ಲಿ ಗಂಡನ ಹೆಸರು. ನಮಗೆ ಇದು ಒಬ್ಬಳೇ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗುವ ಪದ್ಧತಿ ತಿಳಿಯದ ಜರ್ಮನ್ ಅಧಿಕಾರಿಗೆ ಅಲ್ಲಿ ಮೂವರು ಕಾಣುತ್ತಾರೆ. ಎಲ್ಲ ಹೆಸರೂ ಒಬ್ಬಳದೇ ಎಂಬ ಅಫಿಡವಿಟ್, ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ ಮೊದಲೇ ಕೈಯಲ್ಲಿದ್ದರೆ ತಿಂಗಳುಗಟ್ಟಲೆ ಪತ್ರ ವ್ಯವಹಾರ ಉಳಿಯುತ್ತದೆ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಇಡೀ ಅರ್ಜಿಯ ಜೀವಾಳ: ಟ್ರಾನ್ಸ್‌ಕ್ರಿಪ್ಟ್. ಅಂಕಪಟ್ಟಿಯೇ ಟ್ರಾನ್ಸ್‌ಕ್ರಿಪ್ಟ್ ಎಂದು ಬಹಳ ಜನ ತಿಳಿದಿದ್ದಾರೆ. ಅಂಕಪಟ್ಟಿ ಹೇಳುವುದು ಮೆಡಿಕಲ್ ಸರ್ಜಿಕಲ್ ನರ್ಸಿಂಗಿನಲ್ಲಿ ನೂರಕ್ಕೆ ಎಷ್ಟು ಬಂತು ಎಂದು. ಜರ್ಮನ್ ಅಧಿಕಾರಿಗೆ ಅದರಿಂದ ಉಪಯೋಗವಿಲ್ಲ. ಆ ವಿಷಯವನ್ನು ಎಷ್ಟು ಗಂಟೆ ಪಾಠ ಮಾಡಿದರು, ಎಷ್ಟು ಗಂಟೆ ವಾರ್ಡಿನಲ್ಲಿ ಮಾಡಿಸಿದರು, ಯಾವ ವಾರ್ಡಿನಲ್ಲಿ ಎಂಬುದು ಬೇಕು. ಪ್ರಾಯೋಗಿಕ ಗಂಟೆಗಳನ್ನು ಒಟ್ಟಿಗೆ ಒಂದೇ ಅಂಕಿಯಾಗಿ ಬರೆದುಕೊಟ್ಟರೆ, ಅದರಲ್ಲಿ ವೃದ್ಧರ ಆರೈಕೆ ಎಷ್ಟೆಂದು ಕಾಣುವುದಿಲ್ಲ. ಕಾಣದ್ದನ್ನು ಅಧಿಕಾರಿ ಇಲ್ಲವೆಂದೇ ಎಣಿಸುತ್ತಾರೆ. ಕಾಲೇಜಿಗೆ ಹೋದಾಗ ವಿಷಯವಾರು ಪಾಠದ ಗಂಟೆ, ವಿಭಾಗವಾರು ಪ್ರಾಯೋಗಿಕ ಗಂಟೆ, ಇಂಟರ್ನ್‌ಶಿಪ್ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ ಸಹಿ ಮೊಹರು ಹಾಕಿಸಿಕೊಳ್ಳಬೇಕು. ವೃದ್ಧಾಶ್ರಮ ಭೇಟಿ, ಮನೆ ಮನೆ ಭೇಟಿ ಸಮುದಾಯ ಆರೋಗ್ಯದ ಅಡಿಯಲ್ಲಿ ನಿಜವಾಗಿ ನಡೆದಿದ್ದರೆ ಅದನ್ನೂ ಹೆಸರಿಸಿ ಬರೆಸಬೇಕು. ನಡೆಯದ್ದನ್ನು ಬರೆಸಿದರೆ ಮುಂದೆ ವಾರ್ಡಿನಲ್ಲಿ ನಿಂತಾಗ ಬಯಲಾಗುತ್ತದೆ. ಅಲ್ಲಿಗೆ ಮಾನ್ಯತೆಯೂ ಹೋಗುತ್ತದೆ, ವೀಸಾಕ್ಕೂ ಸಂಚಕಾರ.

ಅನುಭವ ಪತ್ರದ್ದೂ ಇದೇ ಕಥೆ. 'ಇವರು ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿ ಇಂತಿಂಥ ದಿನದಿಂದ ಕೆಲಸ ಮಾಡಿದ್ದಾರೆ, ನಡತೆ ಚೆನ್ನಾಗಿತ್ತು' ಎಂಬ ಎರಡು ಸಾಲು ನಮ್ಮ ಆಸ್ಪತ್ರೆಗಳ ರೂಢಿ. ಜರ್ಮನ್ ಕಾನೂನಿನಲ್ಲಿ ಶಿಕ್ಷಣದ ಕೊರತೆಯನ್ನು ವೃತ್ತಿ ಅನುಭವ ತುಂಬಿಕೊಡಬಲ್ಲದು. ಆದರೆ ಯಾವ ವಿಭಾಗ, ವಾರಕ್ಕೆ ಎಷ್ಟು ಗಂಟೆ, ಯಾವ ಯಾವ ಕೆಲಸ ಎಂದು ಪತ್ರ ಹೇಳಿದರೆ ಮಾತ್ರ. ವರ್ಷಗಟ್ಟಲೆ ಐಸಿಯು ಅನುಭವ ಎರಡು ಸಾಲಿನ ಪತ್ರದಿಂದಾಗಿ ಲೆಕ್ಕಕ್ಕೇ ಬರದೆ ಹೋಗುವುದು ದುಃಖದ ಸಂಗತಿ. ಆಸ್ಪತ್ರೆ ಬಿಟ್ಟಮೇಲೆ ವಿವರವಾದ ಪತ್ರ ಕೇಳುವುದು ಕಷ್ಟ, ಕೆಲಸದಲ್ಲಿರುವಾಗಲೇ ಬರೆಸಿಕೊಳ್ಳಬೇಕು.

ಈ ಕಾಗದಗಳೆಲ್ಲ ಪ್ರಮಾಣೀಕೃತ ಅನುವಾದಕರ ಕೈಯಲ್ಲಿ ಜರ್ಮನ್ ಭಾಷೆಗೆ ಬಂದು ಕಚೇರಿಗೆ ಹೋಗುತ್ತವೆ. ಕಾಗದಗಳು ಪೂರ್ತಿಯಾದ ದಿನದಿಂದಷ್ಟೇ ನಿರ್ಧಾರದ ಗಡುವು ಶುರುವಾಗುತ್ತದೆ. ಕೆಲಸ ಕೊಡುವವರು 411 ಯೂರೋ ಶುಲ್ಕದ ತ್ವರಿತ ವಿಧಾನದಲ್ಲಿ ಅರ್ಜಿ ನಡೆಸಿದರೆ ಎರಡು ತಿಂಗಳಲ್ಲಿ ನಿರ್ಧಾರ ಬರಬೇಕೆಂಬ ನಿಯಮವಿದೆ. ಆಗಲೂ ಒಂದು ಕಾಗದ ಕಡಿಮೆಯಿದ್ದರೆ ಎಣಿಕೆ ಮೊದಲಾಗುವುದಿಲ್ಲ. ವರ್ಷವಾದರೂ ಉತ್ತರವಿಲ್ಲ ಎಂದು ಕೊರಗುವವರು ಮೊದಲು ಕೇಳಿ ತಿಳಿಯಬೇಕಾದದ್ದು ಇದನ್ನೇ: ನನ್ನ ಕಡತ ಪೂರ್ಣವಾಗಿದೆ ಎಂದು ಕಚೇರಿ ಬರೆದುಕೊಟ್ಟಿದೆಯೇ?

ನಮ್ಮ ಹಾಸನದ ನರ್ಸ್‌ಗೆ ಪತ್ರ ಬರುತ್ತದೆ. ಆಸ್ಪತ್ರೆ ಶುಶ್ರೂಷೆ ಸಮ, ಮಕ್ಕಳ ಶುಶ್ರೂಷೆ ಸಮ, ದೀರ್ಘಕಾಲದ ಆರೈಕೆ ಮತ್ತು ಮನೆ ಆರೈಕೆಯಲ್ಲಿ ಗಣನೀಯ ವ್ಯತ್ಯಾಸ. ಮುಂದೆ ಅವಳಿಗೆ ಎರಡು ದಾರಿ. ಒಂದು, ಕೊರತೆಯಿರುವ ವಿಭಾಗಗಳಲ್ಲಿ ಕೆಲಸ ಮಾಡುತ್ತಾ ಕಲಿಯುವ ಹೊಂದಾಣಿಕೆ ತರಬೇತಿ. ಅದರ ಅವಧಿ ಕೊರತೆಯ ಮೇಲೆ ನಿಂತಿದೆ, ಕೊನೆಯಲ್ಲಿ ಕಲಿತದ್ದರ ಬಗ್ಗೆ ಒಂದು ಮಾತುಕತೆಯಿರುತ್ತದೆ. ಇನ್ನೊಂದು ಜ್ಞಾನ ಪರೀಕ್ಷೆ. 45ರಿಂದ 60 ನಿಮಿಷದ ಮೌಖಿಕ, ಆಮೇಲೆ ನಿಜವಾದ ರೋಗಿಗಳ ಬಳಿ ಪ್ರಾಯೋಗಿಕ. ಕೊರತೆ ಎಷ್ಟೇ ಇರಲಿ, ಈ ಪರೀಕ್ಷೆ ವೃತ್ತಿಯ ಎಲ್ಲ ಕ್ಷೇತ್ರಗಳನ್ನೂ ಮುಟ್ಟುತ್ತದೆ. 2024ರಿಂದ ಇನ್ನೊಂದು ಅನುಕೂಲವಾಗಿದೆ. ವಿವರವಾದ ಹೋಲಿಕೆಯೇ ಬೇಡವೆಂದು ಬರೆದುಕೊಟ್ಟು, ನೇರವಾಗಿ ಈ ಎರಡರಲ್ಲೊಂದಕ್ಕೆ ಹೋಗಬಹುದು. ಟ್ರಾನ್ಸ್‌ಕ್ರಿಪ್ಟ್ ಸರಿಯಾಗಿ ಸಿಗದವರಿಗೆ ಇದು ವರದಾನ. ಆದರೆ ಒಳ್ಳೆಯ ಕಾಗದ, ವಿವರವಾದ ಅನುಭವ ಪತ್ರ ಇರುವವರು ಸುಮ್ಮನೆ ಆ ಹಕ್ಕನ್ನು ಬಿಟ್ಟುಕೊಡಬಾರದು. ಹೋಲಿಕೆಯಿಂದ ಅವರ ತರಬೇತಿ ಚಿಕ್ಕದಾಗಬಹುದು.

ಕೊರತೆ ಎರಡು ವಿಭಾಗಕ್ಕಷ್ಟೇ ಸೀಮಿತವಾಗಿರುವಾಗ ತರಬೇತಿಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಯಲ್ಲಿ ನಮ್ಮವರು ಎಡವಿದರೆ ಅದಕ್ಕೆ ಕಾರಣ ವೈದ್ಯಕೀಯ ಜ್ಞಾನದ ಅಭಾವವಾಗಿರುವುದು ಅಪರೂಪ. ನಮ್ಮಲ್ಲಿ ನರ್ಸ್ ಅಂದರೆ ಡ್ರಿಪ್ ಹಾಕುವವಳು, ಇಂಜೆಕ್ಷನ್ ಕೊಡುವವಳು. ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದನ್ನು ರೋಗಿಯ ಜೊತೆಗಿರುವ ಅಕ್ಕನೋ ಮಗಳೋ ವಾರ್ಡಿನ ಆಯಾನೋ ಮಾಡುತ್ತಾರೆ. ಜರ್ಮನಿಯಲ್ಲಿ ಅದೇ ನರ್ಸಿನ ಕೆಲಸದ ತಿರುಳು. ರೋಗಿಗೆ ಎಂಥ ಆರೈಕೆ ಬೇಕೆಂದು ಅಳೆಯುವುದು, ಯೋಜನೆ ಬರೆಯುವುದು ಕಾನೂನಿನ ಪ್ರಕಾರ ನರ್ಸಿಗೇ ಮೀಸಲಾದ ಅಧಿಕಾರ. ಪರೀಕ್ಷಕರು ನೋಡುವುದು ಅದನ್ನು: ಎಂಬತ್ತು ದಾಟಿದ ಅಜ್ಜಿಗೆ ಹಾಸಿಗೆ ಹುಣ್ಣಾಗದಂತೆ ನೀನು ಏನು ಯೋಚಿಸಿದೆ, ಅವಳಿಗೆ ಹೇಗೆ ವಿವರಿಸಿದೆ, ದಾಖಲೆಯಲ್ಲಿ ಏನು ಬರೆದೆ. ಇದೆಲ್ಲ ಜರ್ಮನ್ ಭಾಷೆಯಲ್ಲೇ ನಡೆಯಬೇಕು. ಮಾನ್ಯತೆಗೆ ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟದ ಪ್ರಮಾಣಪತ್ರ. ಅದನ್ನು ಕಷ್ಟಪಟ್ಟು ಪಾಸಾದವರಿಗೆ ವಾರ್ಡಿನಲ್ಲಿ ಕೆಲವು ತಿಂಗಳು ಕಿವಿ ಪಳಗಲು ಬಿಡುವ ತರಬೇತಿ ಹೆಚ್ಚು ನೆರವಾಗುತ್ತದೆ.

ಈ ಮಧ್ಯಂತರದಲ್ಲಿ ಅವಳ ಹುದ್ದೆ ಸಹಾಯಕಿಯದು, ಸಂಬಳವೂ ಹೆಚ್ಚಾಗಿ ಕಡಿಮೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ವಿಷಯ ಬರಹದಲ್ಲಿ ಇರಬೇಕು: ಮಾನ್ಯತೆಗೆ ಮೊದಲು ಮತ್ತು ನಂತರದ ಸಂಬಳ, ತರಬೇತಿಯ ಖರ್ಚು ಯಾರದ್ದು, ನಡುವೆ ಕೆಲಸ ಬಿಟ್ಟರೆ ಎಷ್ಟು ಹಣ ಹಿಂತಿರುಗಿಸಬೇಕು. ಇಲ್ಲಿನ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡವನೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಜರ್ಮನಿಯಲ್ಲಿ ಬಾನ್ ನಗರದ ಸರ್ಕಾರಿ ಸೇವಾ ಕೇಂದ್ರವೊಂದು ಹೊರದೇಶದಲ್ಲಿರುವ ಅರ್ಜಿದಾರರಿಗೆ, ಯಾವ ರಾಜ್ಯದ ಯಾವ ಕಚೇರಿ, ಯಾವ ಕಾಗದ ಎಂದು ಹೇಳಿಕೊಡುತ್ತದೆ. ಏಜೆಂಟರ ಮಾತು ಕೇಳುವ ಮೊದಲು ಅದಕ್ಕೊಂದು ಇಮೇಲ್ ಬರೆಯುವುದು ಒಳಿತು.

ತರಬೇತಿ ಮುಗಿದ ಮೇಲೆ ಕೈಗೆ ಬರುವ ಪರವಾನಗಿಯನ್ನು ಕೊಟ್ಟದ್ದು ಒಂದು ರಾಜ್ಯವಾದರೂ ಅದು ಜರ್ಮನಿಯಾದ್ಯಂತ ನಡೆಯುತ್ತದೆ. ಬವೇರಿಯಾದಲ್ಲಿ ಮಾನ್ಯತೆ ಪಡೆದವಳು ಬರ್ಲಿನ್‌ಗೆ ಹೋದರೆ ಹೊಸದಾಗಿ ಶುರು ಮಾಡಬೇಕಿಲ್ಲ. ಮುಂದೊಂದು ದಿನ ಅವಳು ಬೇರೆ ದೇಶಕ್ಕೆ ಹೋಗಬೇಕೆಂದುಕೊಂಡರೆ ಅಲ್ಲಿನವರು ಮತ್ತೆ ಕೇಳಬಹುದಾದದ್ದು ಕರ್ನಾಟಕದ ಅದೇ ಟ್ರಾನ್ಸ್‌ಕ್ರಿಪ್ಟನ್ನು. ಹೊರಡುವ ಮೊದಲು ಕಾಲೇಜಿನಿಂದ ಮುದ್ರೆ ಒತ್ತಿದ ಎರಡು ಮೂರು ಹೆಚ್ಚುವರಿ ಪ್ರತಿಗಳನ್ನು ಮುಚ್ಚಿದ ಲಕೋಟೆಯಲ್ಲಿ ತೆಗೆದಿಟ್ಟುಕೊಳ್ಳಲಿ, ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣವನ್ನೂ ತಪ್ಪದೆ ನಡೆಸಿಕೊಂಡು ಬರಲಿ.